ಬಂದ ದುಡ್ಡು ವಾಪಸ್ ಹೋಯಿತು: ಚಾರ್ಜ್‌ಬ್ಯಾಕ್, ಅದರ ಕೋಡ್, ಅದರ ಲೆಕ್ಕ

ಹೋದ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ ಪರಿಚಯದ ಅಕ್ಕನೊಬ್ಬರು ಫೋನ್ ಮಾಡಿದರು. ಚನ್ನಪಟ್ಟಣದ ಮರದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಸಣ್ಣ ಅಂಗಡಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ, ಅವರದ್ದೂ ಸೇರಿ.

"ಅಣ್ಣ, ಇವತ್ತಿನ ಸೆಟಲ್‌ಮೆಂಟಲ್ಲಿ 4,350 ರೂಪಾಯಿ ಕಮ್ಮಿ ಬಂದಿದೆ. ಯಾರು ಕಟ್ ಮಾಡಿದ್ರು? ನನ್ನನ್ನ ಒಂದು ಮಾತೂ ಕೇಳಲಿಲ್ಲ."

ಕೇಳುವುದಿಲ್ಲ. ಚಾರ್ಜ್‌ಬ್ಯಾಕ್ ಅಂದರೆ ಅದೇ. ದುಡ್ಡು ಮೊದಲು ಹೋಗುತ್ತದೆ, ಮಾತು ಆಮೇಲೆ. ಗ್ರಾಹಕರು ಆನ್‌ಲೈನ್‌ನಲ್ಲಿ ಕಟ್ಟಿದ ದುಡ್ಡನ್ನು ಅಂಗಡಿಯ ಖಾತೆಗೆ ಹಾಕುವುದು ಪೇಮೆಂಟ್ ಗೇಟ್‌ವೇ, ಹಾಗೆ ಹಾಕುವುದೇ ಸೆಟಲ್‌ಮೆಂಟ್. ಆ ಗೇಟ್‌ವೇಯಿಂದ ಒಂದು ಮೇಲ್ ಬಂದಿತ್ತು. ಹಬ್ಬದ ಗಲಾಟೆಯಲ್ಲಿ ಅಕ್ಕ ತೆರೆದು ನೋಡಿರಲಿಲ್ಲ. ಅದರಲ್ಲಿ ಆರ್ಡರ್ ನಂಬರ್, ಮೊತ್ತ, ಉತ್ತರ ಕೊಡಲು ಕೊನೇ ದಿನ, ಮತ್ತೆ ಒಂದು ಸಣ್ಣ ಸಂಖ್ಯೆ: 13.1. ಇಡೀ ಕಥೆ ಆ ಸಂಖ್ಯೆಯಲ್ಲಿದೆ.

## ರೀಫಂಡ್ ಬೇರೆ, ಚಾರ್ಜ್‌ಬ್ಯಾಕ್ ಬೇರೆ

ಗ್ರಾಹಕ ಅಂಗಡಿಗೆ ಬಂದು "ಇದು ಸರಿ ಇಲ್ಲ, ದುಡ್ಡು ವಾಪಸ್ ಕೊಡಿ" ಎಂದು ಕೇಳಿ ನೀವು ಕೊಟ್ಟರೆ ಅದು ರೀಫಂಡ್. ಅವನು ನಿಮ್ಮನ್ನು ಬಿಟ್ಟು ತನಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ ದೂರು ಕೊಟ್ಟರೆ ಅದು ಡಿಸ್ಪ್ಯೂಟ್. ಆ ದೂರಿನ ಮೇಲೆ ಬ್ಯಾಂಕ್ ದುಡ್ಡನ್ನು ಹಿಂದಕ್ಕೆ ಎಳೆದುಕೊಂಡರೆ ಅದು ಚಾರ್ಜ್‌ಬ್ಯಾಕ್. ಮಾತಿನಲ್ಲಿ ಡಿಸ್ಪ್ಯೂಟ್, ಚಾರ್ಜ್‌ಬ್ಯಾಕ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ, ನಾನೂ ಇಲ್ಲಿ ಹಾಗೇ ಬಳಸುತ್ತೇನೆ.

ಊರಿನ ಪಂಚಾಯ್ತಿ ನೆನಪಿಸಿಕೊಳ್ಳಿ. ಇಬ್ಬರ ನಡುವೆ ಜಗಳ. ವಿಚಾರಣೆ ಶುರುವಾಗುವ ಮುಂಚೆಯೇ ಜಗಳದ ದುಡ್ಡನ್ನು ಕಟ್ಟೆಯ ಮೇಲೆ ಇಡಿಸುತ್ತಾರೆ. ಇಲ್ಲಿ ಆ ದುಡ್ಡು ಯಾವಾಗಲೂ ಮಾರಿದವರ ಜೇಬಿನಿಂದಲೇ ಬರುತ್ತದೆ. ಇನ್ನೊಂದು ವಿಷಯ, ಮೊದಲ ಸುತ್ತಿನಲ್ಲಿ ತೀರ್ಪು ಹೇಳುವುದು ಗ್ರಾಹಕನ ಬ್ಯಾಂಕೇ. ಅನ್ಯಾಯ ಅನಿಸುತ್ತದೆ, ಅಲ್ವಾ? ಆದರೆ ಈ ವ್ಯವಸ್ಥೆ ಹುಟ್ಟಿದ್ದೇ ಕಾರ್ಡ್ ಬಳಸುವವರಿಗೆ ಧೈರ್ಯ ಕೊಡಲು. ಅಮೆರಿಕದಲ್ಲಿ 1974ರಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿನ ತಪ್ಪುಗಳನ್ನು ಪ್ರಶ್ನಿಸುವ ಹಕ್ಕನ್ನು ಕಾನೂನಿನಲ್ಲೇ ಬರೆದರು. ಇವತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಎಲ್ಲಕ್ಕೂ ತಮ್ಮ ತಮ್ಮ ನಿಯಮಗಳಿವೆ. ಯುಪಿಐಗೂ ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ನಿಯಮದ ಡಿಸ್ಪ್ಯೂಟ್ ಇದೆ, ಆದರೆ ಅದರ ದಾರಿಯೂ ಕೋಡೂ ಬೇರೆ. ಈ ಲೇಖನದಲ್ಲಿ ವೀಸಾ ಕಾರ್ಡನ್ನೇ ಹಿಡಿದು ಹೋಗೋಣ, ಅಕ್ಕನ ಕೇಸೂ ಅದೇ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಗ್ರಾಹಕನ ಖಾತೆಯಿಂದ ದುಡ್ಡು ಹೋಗಿ, ನಿಮ್ಮ ಸೈಟಿನಲ್ಲಿ ಪೇಮೆಂಟ್ ಫೇಲ್ ಎಂದು ಬಂದರೆ ಅದು ಚಾರ್ಜ್‌ಬ್ಯಾಕ್ ಅಲ್ಲ. ಅಂಥ ದುಡ್ಡು ತಾನಾಗಿ ವಾಪಸ್ ಹೋಗಬೇಕು. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಪ್ರಕಾರ ಆನ್‌ಲೈನ್ ಕಾರ್ಡ್ ಪೇಮೆಂಟ್‌ಗೆ ವಹಿವಾಟಿನ ದಿನ ಬಿಟ್ಟು 5 ದಿನ ಗಡುವು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

## ದುಡ್ಡು ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ

ಗ್ರಾಹಕ ದೂರು ಕೊಡುತ್ತಾನೆ. ಅವನ ಬ್ಯಾಂಕ್ ಎರಡು ಮೂರು ಪ್ರಶ್ನೆ ಕೇಳಿ, ದೂರಿಗೆ ಹೊಂದುವ ಒಂದು ಕೋಡ್ ಹಾಕಿ, ವೀಸಾ ವ್ಯವಸ್ಥೆಗೆ ಏರಿಸುತ್ತದೆ. ವೀಸಾ ಅದನ್ನು ಅಂಗಡಿಯ ಕಡೆಯ ಬ್ಯಾಂಕಿಗೆ ಕಳಿಸುತ್ತದೆ. ಇದಕ್ಕೆ ಅಕ್ವೈರರ್ ಎನ್ನುತ್ತಾರೆ, ಅಂದರೆ ನಿಮ್ಮ ಪರವಾಗಿ ಕಾರ್ಡ್ ದುಡ್ಡು ಸ್ವೀಕರಿಸುವ ಬ್ಯಾಂಕ್. ಅಕ್ವೈರರ್ ಖಾತೆಯಿಂದ ದುಡ್ಡು ಹೋಗುತ್ತದೆ, ಅದು ಗೇಟ್‌ವೇಯಿಂದ ವಸೂಲಿ ಮಾಡುತ್ತದೆ, ಗೇಟ್‌ವೇ ನಿಮ್ಮ ಮುಂದಿನ ಸೆಟಲ್‌ಮೆಂಟ್‌ನಲ್ಲಿ ಮುರಿದುಕೊಳ್ಳುತ್ತದೆ. ಅಕ್ಕನಿಗೆ ಕಂಡದ್ದು ಈ ಸರಪಳಿಯ ಕೊನೇ ಕೊಂಡಿ ಮಾತ್ರ.

ಈಗ ನಿಮ್ಮ ಮುಂದೆ ಎರಡೇ ದಾರಿ. ಒಪ್ಪಿಕೊಳ್ಳಿ, ಇಲ್ಲ ದಾಖಲೆ ಕೊಟ್ಟು ವಾದಿಸಿ. ವಾದಿಸುವುದಕ್ಕೆ ರೆಪ್ರೆಸೆಂಟ್‌ಮೆಂಟ್ ಎಂಬ ದೊಡ್ಡ ಹೆಸರಿದೆ. ಅರ್ಥ ಇಷ್ಟೇ: "ಈ ಬಿಲ್ ಸರಿ ಇದೆ, ನೋಡಿ ಇಲ್ಲಿ ಪುರಾವೆ" ಎಂದು ಅದೇ ದಾರಿಯಲ್ಲಿ ಮತ್ತೆ ಮುಂದಿಡುವುದು. ಗ್ರಾಹಕನ ಬ್ಯಾಂಕ್ ಒಪ್ಪಿದರೆ ದುಡ್ಡು ನಿಮಗೆ ವಾಪಸ್. ಒಪ್ಪದಿದ್ದರೆ ಇನ್ನೊಂದು ಸುತ್ತು, ಅದಕ್ಕೂ ಬಗೆಹರಿಯದಿದ್ದರೆ ವೀಸಾ ಸಂಸ್ಥೆಯೇ ಕೂತು ತೀರ್ಪು ಕೊಡುತ್ತದೆ. ಅಲ್ಲಿ ಸೋತವರ ಮೇಲೆ ನೂರಾರು ಡಾಲರ್ ಶುಲ್ಕ ಬೀಳುತ್ತದೆ. ಗೊಂಬೆ ಸೆಟ್ಟಿಗೆ ಅಷ್ಟು ದೂರ ಯಾರೂ ಹೋಗುವುದಿಲ್ಲ. ಹಾಗಾಗಿ ಸಣ್ಣ ಅಂಗಡಿಗೆ ನಿಜವಾದ ಅವಕಾಶ ಒಂದೇ ಸಲ, ಮೊದಲ ಉತ್ತರದಲ್ಲೇ.

ಗ್ರಾಹಕನಿಗೆ ಸಾಮಾನ್ಯವಾಗಿ 120 ದಿನ ಟೈಮ್ ಇದೆ. ಸಾಮಾನು ಬರಲಿಲ್ಲ ಎಂಬ ದೂರಾದರೆ ಅದು ತಲುಪಬೇಕಿದ್ದ ದಿನದಿಂದ ಎಣಿಕೆ ಶುರು. ನಿಮಗೆ ಸಿಗುವುದು ಗೇಟ್‌ವೇ ಹೇಳಿದಷ್ಟು, ಎಷ್ಟೋ ಸಲ ಬರೀ ಕೆಲವು ದಿನ. ಆ ದಿನ ದಾಟಿದರೆ ಒಪ್ಪಿಕೊಂಡಂತೆಯೇ.

ಗಾಬರಿಯಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ಚಾರ್ಜ್‌ಬ್ಯಾಕ್ ಬಂದಿರುವುದು ನೋಡಿ, ಪಾಪ ಗ್ರಾಹಕನಿಗೆ ಬೇಜಾರಾಗಿದೆ ಎಂದು ತಕ್ಷಣ ರೀಫಂಡ್ ಬಟನ್ ಒತ್ತಿಬಿಡುತ್ತಾರೆ. ದುಡ್ಡು ಆಗಲೇ ಬ್ಯಾಂಕ್ ಮೂಲಕ ಹೋಗಿದೆ. ಈಗ ಎರಡನೇ ಸಲ ಹೋಯಿತು! ಡಿಸ್ಪ್ಯೂಟ್ ಬಂದ ಮೇಲೆ ದುಡ್ಡು ಕೊಡುವುದೇ ಸರಿ ಅನಿಸಿದರೆ ಡಿಸ್ಪ್ಯೂಟನ್ನು ಒಪ್ಪಿಕೊಳ್ಳಬೇಕು, ಬೇರೆ ರೀಫಂಡ್ ಹಾಕಬಾರದು.

## ಆ ಸಂಖ್ಯೆ ಏನು ಹೇಳುತ್ತದೆ

ರೀಸನ್ ಕೋಡ್ ಅಂದರೆ ಆರೋಪಪಟ್ಟಿಯ ತಲೆಬರಹ. ವೀಸಾ 2018ರಲ್ಲಿ ತನ್ನ ಹಳೇ ಕೋಡ್‌ಗಳನ್ನೆಲ್ಲ ನಾಲ್ಕು ಗುಂಪಿಗೆ ತಂದಿತು. ಚುಕ್ಕಿಯ ಹಿಂದಿನ ಅಂಕಿ ಗುಂಪು, ಮುಂದಿನದು ಅದರೊಳಗಿನ ದೂರು.

10 ಅಂದರೆ ವಂಚನೆ, "ನಾನು ಖರೀದಿಸಿಯೇ ಇಲ್ಲ". 11 ಅಂದರೆ ಬ್ಯಾಂಕಿನ ಅನುಮತಿ ಸರಿಯಾಗಿ ಪಡೆಯದೆ ದುಡ್ಡು ತೆಗೆದದ್ದು. 12 ಅಂದರೆ ಲೆಕ್ಕದ ತಪ್ಪು, ಒಂದೇ ಆರ್ಡರ್‌ಗೆ ಎರಡು ಸಲ ದುಡ್ಡು ತೆಗೆದರೆ 12.6.1 ಬರುತ್ತದೆ. 13 ಅಂದರೆ ಖರೀದಿಸಿದ್ದು ನಾನೇ, ಆದರೆ ವ್ಯಾಪಾರ ಸರಿಯಾಗಲಿಲ್ಲ ಎಂಬುದು. 13.1 ಸಾಮಾನು ಬರಲಿಲ್ಲ, 13.3 ಹೇಳಿದಂತೆ ಇಲ್ಲ ಅಥವಾ ಹಾಳಾಗಿದೆ, 13.6 ಕೊಡುತ್ತೇನೆ ಎಂದ ರೀಫಂಡ್ ಕೊಡಲಿಲ್ಲ. ಆನ್‌ಲೈನ್ ಅಂಗಡಿಗೆ 11 ಕಾಣಿಸುವುದು ಕಮ್ಮಿ. ಜೀವ ತಿನ್ನುವುದು 10.4 ಮತ್ತು 13.1.

ಮಾಸ್ಟರ್‌ಕಾರ್ಡ್ ಇದೇ ಮಾತನ್ನು ಬೇರೆ ಅಂಕಿಗಳಲ್ಲಿ ಹೇಳುತ್ತದೆ. ವಂಚನೆಗೆ 4837. ಸಾಮಾನಿನ ಬಗ್ಗೆ ಗ್ರಾಹಕನ ತಕರಾರು ಬಹುತೇಕ ಎಲ್ಲ 4853ರ ಕೆಳಗೆ ಬರುತ್ತದೆ.

10.4 ಅಂದರೆ ಕಾರ್ಡ್ ಎದುರಿಗಿಲ್ಲದ, ಅಂದರೆ ಆನ್‌ಲೈನ್ ವಹಿವಾಟಿನಲ್ಲಿ ವಂಚನೆ. ಇಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಒಂದು ಅನುಕೂಲ ಇದೆ. ಇಲ್ಲಿನ ಕಾರ್ಡಿಗೆ ಆನ್‌ಲೈನ್‌ನಲ್ಲಿ ಒಟಿಪಿ ಹಾಕಿಸುತ್ತೇವೆ. ಹಾಗೆ ಬ್ಯಾಂಕೇ ಗುರುತು ಖಚಿತಪಡಿಸಿದ ಮೇಲೆ ವಂಚನೆಯ ಹೊಣೆ ಸಾಮಾನ್ಯವಾಗಿ ಅಂಗಡಿಯಿಂದ ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆ ಜಾರುತ್ತದೆ. ವಿದೇಶಿ ಕಾರ್ಡ್ ಒಟಿಪಿ ಇಲ್ಲದೆ ಪಾಸಾದರೆ ಈ ರಕ್ಷಣೆ ಇಲ್ಲ. ಅಕ್ಕನಿಗೆ ಬಂದ 10.4ಗಳೆಲ್ಲ ಹೊರದೇಶದ ಆರ್ಡರ್‌ಗಳೇ ಆಗಿದ್ದಕ್ಕೆ ಕಾರಣ ಇದು.

ಕೋಡ್ ಯಾವಾಗಲೂ ನಿಜ ಹೇಳುತ್ತದೆ ಎಂದುಕೊಳ್ಳಬೇಡಿ. ಮನೆಯ ಮಗು ಅಪ್ಪನ ಫೋನಿನಲ್ಲಿ ಆರ್ಡರ್ ಮಾಡಿರುತ್ತದೆ, ಅಪ್ಪ "ನಂದಲ್ಲ" ಎನ್ನುತ್ತಾನೆ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಅಂಗಡಿಯ ಬೋರ್ಡಿನ ಹೆಸರಿನ ಬದಲು ಮಾಲೀಕರ ಸಂಸ್ಥೆಯ ಯಾವುದೋ ಹೆಸರು ಬಂದರೆ ಗುರುತು ಸಿಗದೆ ದೂರು ಕೊಡುವವರೂ ಇದ್ದಾರೆ. ಆದರೆ ಉತ್ತರ ಬರೆಯುವಾಗ ನೀವು ಕೋಡ್ ಕೇಳಿದ ಪ್ರಶ್ನೆಗೇ ಉತ್ತರಿಸಬೇಕು. ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗಲ್ಲ.

## ಅಕ್ಕನ 13.1, ಹತ್ತಿರದಿಂದ

ಪುಣೆಯ ಒಬ್ಬ ಗ್ರಾಹಕರು ಸೆಪ್ಟೆಂಬರ್ 8ಕ್ಕೆ ದಸರಾ ಗೊಂಬೆ ಸೆಟ್ ಆರ್ಡರ್ ಮಾಡಿದ್ದರು. ಇಲ್ಲಿನ ಕಾರ್ಡ್, ಒಟಿಪಿ ಹಾಕಿದ್ದಾರೆ. 12ಕ್ಕೆ ಕೊರಿಯರ್ ಸೈಟಿನಲ್ಲಿ ಡೆಲಿವರ್ಡ್ ಎಂದಿದೆ. ಅಕ್ಟೋಬರ್ 21ಕ್ಕೆ ಡಿಸ್ಪ್ಯೂಟ್.

ನಾನು ನೋಡುವಷ್ಟರಲ್ಲಿ ಅಕ್ಕ ಒಂದು ಉತ್ತರ ರೆಡಿ ಮಾಡಿಟ್ಟಿದ್ದರು. ಜಿಎಸ್‌ಟಿ ಬಿಲ್, ಒಟಿಪಿ ಯಶಸ್ವಿಯಾದ ಸ್ಕ್ರೀನ್‌ಶಾಟ್, ಗೊಂಬೆಗಳ ಆರು ಫೋಟೊ, ಮತ್ತೆ "ನಾವು 9 ವರ್ಷದಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿದ್ದೇವೆ" ಎಂದು ಒಂದು ಪುಟದ ಪತ್ರ. ಎಲ್ಲವೂ ನಿಜ. ಆದರೆ ಖರೀದಿಸಿದ್ದು ತಾನೇ ಎಂದು ಗ್ರಾಹಕರು ಒಪ್ಪಿಕೊಂಡಿದ್ದಾರಲ್ಲ, ಅದಕ್ಕೇ ಅಲ್ವಾ ಕೋಡ್ 13ರಲ್ಲಿ ಶುರುವಾಗುವುದು! ಒಟಿಪಿ ಪುರಾವೆ ಇಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ. 13.1 ಕೇಳುವುದು ಒಂದೇ: ಹೇಳಿದ ಜಾಗಕ್ಕೆ, ಹೇಳಿದ ದಿನದೊಳಗೆ ಸಾಮಾನು ತಲುಪಿತಾ?

ಕೊರಿಯರ್‌ನವರಿಂದ ಪಿಒಡಿ ತರಿಸಿದೆವು, ಅಂದರೆ ಡೆಲಿವರಿಯಾದದ್ದಕ್ಕೆ ಸಹಿ ಇರುವ ಚೀಟಿ. ಸಹಿ ಗ್ರಾಹಕರದ್ದಲ್ಲ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರದ್ದು. ಬರೀ ಇದನ್ನೇ ಕೊಟ್ಟಿದ್ದರೆ ಸೋಲುವ ಸಾಧ್ಯತೆ ಇತ್ತು. ಆಮೇಲೆ ಅಕ್ಕನ ವಾಟ್ಸಾಪ್ ಹುಡುಕಿದೆವು. ಸೆಪ್ಟೆಂಬರ್ 14ಕ್ಕೆ ಅದೇ ನಂಬರಿನಿಂದ ಒಂದು ಮೆಸೇಜ್, ಜೊತೆಗೆ ಫೋಟೊ: ಆನೆ ಗೊಂಬೆಯ ಒಂದು ಚಕ್ರ ಲೂಸ್ ಇದೆ, ಬದಲಿಸಿ ಕೊಡುತ್ತೀರಾ ಎಂದು. ಅಕ್ಕ ಉತ್ತರ ಕೊಟ್ಟಿರಲಿಲ್ಲ. ಗ್ರಾಹಕರಿಗೆ ಸಿಟ್ಟು ಬಂದಿದೆ, ಬ್ಯಾಂಕಿಗೆ ಹೋಗಿದ್ದಾರೆ, ಫೋನಿನಲ್ಲಿ ಏನು ಹೇಳಿದರೋ, ಬ್ಯಾಂಕಿನವರು ಏನು ಕೇಳಿಸಿಕೊಂಡರೋ, 13.3 ಆಗಬೇಕಿದ್ದದ್ದು 13.1 ಆಗಿ ಬಂದಿದೆ.

ಉತ್ತರವನ್ನು ಒಂದು ಪುಟಕ್ಕೆ ಇಳಿಸಿದೆವು. ಮೇಲೆ ನಾಲ್ಕು ಸಾಲು: ಆರ್ಡರ್ ದಿನ, ಕಳಿಸಿದ ದಿನ, ತಲುಪಿದ ದಿನ, ಗ್ರಾಹಕರು ಗೊಂಬೆ ಕೈಯಲ್ಲಿ ಹಿಡಿದು ಮೆಸೇಜ್ ಮಾಡಿದ ದಿನ. ಕೆಳಗೆ ಟ್ರ್ಯಾಕಿಂಗ್ ನಂಬರ್, ಪಿಒಡಿ, ಆರ್ಡರಿನಲ್ಲಿದ್ದ ಫೋನ್ ನಂಬರೂ ವಾಟ್ಸಾಪ್ ನಂಬರೂ ಒಂದೇ ಎಂದು ತೋರಿಸುವ ಸ್ಕ್ರೀನ್‌ಶಾಟ್. ಆರು ಫೋಟೊ, ಪತ್ರ ಎಲ್ಲ ತೆಗೆದೆವು. ಓದುವವರು ದಿನಕ್ಕೆ ಎಷ್ಟು ಫೈಲ್ ನೋಡುತ್ತಾರೋ, ಬೇಕಾದ್ದು ಮೊದಲ ಪುಟದಲ್ಲೇ ಇರಬೇಕು.

ಇದೇ ಗ್ರಾಹಕರದ್ದು 10.4 ಆಗಿದ್ದರೆ ಪುರಾವೆ ಪೂರ್ತಿ ಬೇರೆ. ಆಗ ಒಟಿಪಿ ದಾಖಲೆಯೇ ಮುಖ್ಯ. ಒಟಿಪಿ ಇಲ್ಲದ ಕಾರ್ಡಾದರೆ ವೀಸಾ 2023ರ ಏಪ್ರಿಲ್‌ನಿಂದ ಒಂದು ದಾರಿ ಕೊಟ್ಟಿದೆ. ಅದೇ ಕಾರ್ಡಿನಿಂದ ಹಿಂದೆ ತಕರಾರಿಲ್ಲದೆ ಆದ ಎರಡು ಖರೀದಿ ತೋರಿಸಬೇಕು. ಅವು 120ರಿಂದ 365 ದಿನ ಹಳೆಯವಾಗಿರಬೇಕು. ಆಗಿನ ಮತ್ತು ಈಗಿನ ವಿವರದಲ್ಲಿ ಐಪಿ ವಿಳಾಸ ಅಥವಾ ಫೋನ್/ಕಂಪ್ಯೂಟರಿನ ಗುರುತು ಹೊಂದಬೇಕು, ಜೊತೆಗೆ ಲಾಗಿನ್ ಅಥವಾ ಡೆಲಿವರಿ ವಿಳಾಸದಂಥ ಇನ್ನೊಂದು ವಿವರವೂ. ಹೊಸ ಗ್ರಾಹಕರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ.

## ಡಿಸ್ಪ್ಯೂಟ್ ರೇಟ್: ಯಾವುದರಿಂದ ಭಾಗಿಸುವುದು?

ನೂರು ವಹಿವಾಟಿಗೆ ಎಷ್ಟು ಡಿಸ್ಪ್ಯೂಟ್ ಎಂಬುದೇ ರೇಟ್. ಇಲ್ಲಿ ಎಣಿಸುವುದು ಸಂಖ್ಯೆಯನ್ನು, ರೂಪಾಯಿಯನ್ನಲ್ಲ. 150 ರೂಪಾಯಿಯ ಬುಗುರಿಗೆ ಬಂದ ಡಿಸ್ಪ್ಯೂಟೂ ಒಂದು, 12,000 ರೂಪಾಯಿಯ ಗೊಂಬೆ ಸೆಟ್ಟಿಗೆ ಬಂದದ್ದೂ ಒಂದು.

ಸುಲಭ ಅನಿಸುತ್ತದೆ, ಆದರೆ ಭಾಗಿಸುವ ಅಂಕಿಯಲ್ಲಿ ತೊಡಕಿದೆ. ಡಿಸ್ಪ್ಯೂಟ್ ಬರುವುದು ಮಾರಾಟವಾಗಿ ವಾರಗಳೋ ತಿಂಗಳುಗಳೋ ಆದ ಮೇಲೆ. ಅಕ್ಕನ ಅಂಗಡಿಯ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ, ಎಲ್ಲವೂ ಒಂದೇ ಬಗೆಯ ಕಾರ್ಡ್ ಎಂದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಗೊಂಬೆ ಹಬ್ಬದ ಭರಾಟೆ, 1,800 ಆರ್ಡರ್. ಅಕ್ಟೋಬರ್‌ನಲ್ಲಿ ಬರೀ 600. ಅಕ್ಟೋಬರ್‌ನಲ್ಲಿ ಬಂದ ಡಿಸ್ಪ್ಯೂಟ್ 12.

ಅದೇ ತಿಂಗಳ ಆರ್ಡರ್‌ನಿಂದ ಭಾಗಿಸಿದರೆ 12/600, ಶೇ 2. ಹಿಂದಿನ ತಿಂಗಳಿನಿಂದ ಭಾಗಿಸಿದರೆ 12/1800, ಶೇ 0.67. ಅಂಗಡಿ ಅದೇ, ಡಿಸ್ಪ್ಯೂಟ್ ಅವೇ. ಮಾಸ್ಟರ್‌ಕಾರ್ಡ್ ಹಿಂದಿನ ತಿಂಗಳ ವಹಿವಾಟಿನಿಂದ ಭಾಗಿಸುತ್ತದೆ, ವೀಸಾ ಅದೇ ತಿಂಗಳಿನದರಿಂದ. ಹಬ್ಬದ ವ್ಯಾಪಾರ ಮಾಡುವವರಿಗೆ ಹಬ್ಬ ಮುಗಿದ ಮರುತಿಂಗಳು ವೀಸಾ ಲೆಕ್ಕ ಸುಮ್ನೆ ಹೆದರಿಸುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ ಇದೆ. 2025ರ ಏಪ್ರಿಲ್‌ನಿಂದ ವೀಸಾ, ಡಿಸ್ಪ್ಯೂಟ್ ಜಾಸ್ತಿ ಬರುವ ಅಂಗಡಿಗಳ ಮೇಲೆ ಕಣ್ಣಿಡುವ ತನ್ನ ಹಳೇ ನಿಗಾ ಯೋಜನೆಗಳನ್ನು ತೆಗೆದು ಒಂದೇ ಹೊಸ ಯೋಜನೆ ತಂದಿತು, ಚಿಕ್ಕದಾಗಿ ವ್ಯಾಂಪ್ ಎನ್ನುತ್ತಾರೆ. ಅದರಲ್ಲಿ ಡಿಸ್ಪ್ಯೂಟ್‌ಗಳ ಜೊತೆಗೆ, ಬ್ಯಾಂಕುಗಳು ವೀಸಾಗೆ ಕಳಿಸುವ ವಂಚನೆ ವರದಿಗಳನ್ನೂ ಕೂಡಿಸುತ್ತಾರೆ. 10.4 ಬಂದಾಗ ಸಾಮಾನ್ಯವಾಗಿ ಎರಡೂ ಇರುತ್ತವೆ. ಅಂದರೆ ಒಂದೇ ಆರ್ಡರ್ ಎರಡು ಸಲ ಎಣಿಕೆಗೆ ಬರುತ್ತದೆ. ಅಕ್ಕನ 12ರಲ್ಲಿ 3 ಆ ಬಗೆಯವು. ಹಾಗಾಗಿ ವೀಸಾ ಕಣ್ಣಿಗೆ 12 ಅಲ್ಲ, 15. ಶೇ 2 ಅಲ್ಲ, ಶೇ 2.5.

ಈ ಯೋಜನೆಯಲ್ಲಿ ಅಂಗಡಿಗೆ ಇಟ್ಟ ಮಿತಿ ಮೊದಲು ಶೇ 2.2 ಇತ್ತು. ಏಷ್ಯಾ ಪೆಸಿಫಿಕ್ ಸೇರಿ ಹಲವು ಕಡೆ 2026ರ ಏಪ್ರಿಲ್‌ನಿಂದ ಅದನ್ನು ಶೇ 1.5ಕ್ಕೆ ಇಳಿಸಿದರು. ಆದರೆ ತಿಂಗಳಿಗೆ ಕನಿಷ್ಠ 1,500 ಪ್ರಕರಣ ಇದ್ದರೆ ಮಾತ್ರ ಅಂಗಡಿ ಆ ಬಲೆಗೆ ಬೀಳುತ್ತದೆ. ಮಾಸ್ಟರ್‌ಕಾರ್ಡಿನದು ಶೇ 1.5 ಮತ್ತು ಕನಿಷ್ಠ 100 ಚಾರ್ಜ್‌ಬ್ಯಾಕ್. ಅಕ್ಕನ 15 ಇದಕ್ಕೆಲ್ಲ ಎಲ್ಲಿ ಲೆಕ್ಕ!

ಹಾಗಿದ್ದರೂ ಗೇಟ್‌ವೇಯಿಂದ ಎಚ್ಚರಿಕೆಯ ಮೇಲ್ ಬಂತು. ಯಾಕೆಂದರೆ ವೀಸಾ ಅಕ್ವೈರರ್ ಬ್ಯಾಂಕಿಗೂ ಮಿತಿ ಇಟ್ಟಿದೆ, ಅದರ ಎಲ್ಲ ಅಂಗಡಿಗಳನ್ನೂ ಒಟ್ಟು ಸೇರಿಸಿ. ಶೇ 0.7 ಮುಟ್ಟಿದರೆ ಬ್ಯಾಂಕೇ ಅತಿಯಾದದ್ದು ಎಂಬ ಪಟ್ಟಿಗೆ ಸೇರುತ್ತದೆ. ಅದಕ್ಕೆ ಬ್ಯಾಂಕ್, ಗೇಟ್‌ವೇಗಳು ಸಣ್ಣ ಅಂಗಡಿಯನ್ನೂ ತಮ್ಮದೇ ಬಿಗಿ ಮಿತಿಯಲ್ಲಿ ನೋಡುತ್ತವೆ. ಮಿತಿ ಮೀರಿದರೆ ಸೆಟಲ್‌ಮೆಂಟ್ ತಡೆಹಿಡಿಯಬಹುದು, ಖಾತೆ ನಿಲ್ಲಿಸಲೂಬಹುದು.

## ಒಂದು ಶೀಟ್ ಸಾಕು

ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಶೇಕಡಾ ಕಾಣುತ್ತದೆ, ಅದು ಯಾವ ತಿಂಗಳನ್ನು ಯಾವುದರಿಂದ ಭಾಗಿಸಿದ್ದು ಎಂದು ಕೇಳಿ ತಿಳಿದುಕೊಳ್ಳಿ. ನಾವು ಪ್ರತಿ ಡಿಸ್ಪ್ಯೂಟಿಗೆ ಒಂದು ಸಾಲು ಬರೆಯುತ್ತೇವೆ: ಆರ್ಡರ್ ನಂಬರ್, ಯಾವ ಕಾರ್ಡ್, ಆರ್ಡರ್ ದಿನ, ಡಿಸ್ಪ್ಯೂಟ್ ಬಂದ ದಿನ, ಕೋಡ್, ಕೊರಿಯರ್, ಫಲಿತಾಂಶ. ಆರ್ಡರ್ ದಿನ C ಕಾಲಂ, ಡಿಸ್ಪ್ಯೂಟ್ ದಿನ D ಕಾಲಂ. ಅಕ್ಟೋಬರ್‌ನಲ್ಲಿ ಎಷ್ಟು ಬಂತು ಎನ್ನುವುದಕ್ಕೆ:

```
=COUNTIFS(D:D,">="&DATE(2025,10,1),D:D,"<"&DATE(2025,11,1))
```

ವೀಸಾ, ಮಾಸ್ಟರ್‌ಕಾರ್ಡ್‌ಗೆ ಬೇರೆ ಬೇರೆ ಎಣಿಸಬೇಕು, ಇಬ್ಬರೂ ತಮ್ಮದನ್ನಷ್ಟೇ ನೋಡುತ್ತಾರೆ. ಬ್ಯಾಂಕಿಗೆ ಬೇಕಾದ ರೇಟ್ ಇದರಿಂದ ಸಿಗುತ್ತದೆ.

ನಿಮಗೆ ಬೇಕಾದದ್ದು ಇನ್ನೊಂದು. ಮೇಲಿನ ಸೂತ್ರದಲ್ಲಿ D ಬದಲು C, ತಾರೀಖು ಸೆಪ್ಟೆಂಬರ್‌ನದು ಹಾಕಿ. ಸೆಪ್ಟೆಂಬರ್‌ನಲ್ಲಿ ಮಾರಿದ್ದಕ್ಕೆ ಒಟ್ಟು ಎಷ್ಟು ದೂರು ಬಂತು ಎಂದು ತಿಳಿಯುತ್ತದೆ. ಜನವರಿ ಕೊನೆಗೆ ಅದು 14ಕ್ಕೆ ನಿಂತಿತು. 14/1800, ಶೇ 0.78. ಅಂಗಡಿಯ ನಿಜವಾದ ಆರೋಗ್ಯ ಈ ಅಂಕಿಯಲ್ಲಿದೆ. ಇದರ ತೊಂದರೆ ಒಂದೇ, 120 ದಿನ ಮುಗಿಯುವವರೆಗೂ ಬೆಳೆಯುತ್ತಲೇ ಇರುತ್ತದೆ. ತಿಂಗಳು ಮುಗಿದ ತಕ್ಷಣ ನೋಡಿ ಖುಷಿಪಟ್ಟರೆ ಮೋಸ ಹೋಗುತ್ತೀರಿ.

ಆಮೇಲೆ ಕೋಡ್ ಪ್ರಕಾರ ವಿಂಗಡಿಸಿದೆವು. ಅಕ್ಟೋಬರ್‌ನ 12ರಲ್ಲಿ 7 ಬರೀ 13.1. ಪುಣೆಯದ್ದು ಬಿಟ್ಟು ಉಳಿದ 6 ಆರ್ಡರ್‌ಗಳೂ ಸೆಪ್ಟೆಂಬರ್ 18ರಿಂದ 21ರ ನಡುವಿನವು, ಕೊರಿಯರ್ ಒಂದೇ. ಸೈಟಿನಲ್ಲಿ "ಹಬ್ಬದೊಳಗೆ ತಲುಪುತ್ತದೆ" ಎಂದು ದೊಡ್ಡದಾಗಿ ಬರೆದಿತ್ತು. ಗೊಂಬೆ ತಲುಪಿದ್ದು ವಿಜಯದಶಮಿ ಕಳೆದ ಮೇಲೆ. ಹೇಳಿದ ದಿನ ದಾಟಿದರೆ 13.1 ಬರಬಹುದು, ಸಾಮಾನು ಆಮೇಲೆ ತಲುಪಿದರೂ. ಆ 6ನ್ನು ವಾದಿಸಲಿಲ್ಲ, ಒಪ್ಪಿಕೊಂಡೆವು. ಅಕ್ಕ ಈ ಸಲ ಸೈಟಿನಲ್ಲಿ ಆ ಸಾಲು ತೆಗೆದು, ಹಬ್ಬಕ್ಕೆ ಬೇಕಾದವರು ಯಾವ ತಾರೀಖಿನೊಳಗೆ ಆರ್ಡರ್ ಮಾಡಬೇಕು ಎಂದು ಹಾಕುತ್ತಿದ್ದಾರೆ.

ಪುಣೆಯ ಕೇಸ್ ಡಿಸೆಂಬರ್‌ನಲ್ಲಿ ಗೆದ್ದೆವು. 4,350 ರೂಪಾಯಿ ವಾಪಸ್ ಬಂತು. ಅಕ್ಕ ಖುಷಿಯಲ್ಲಿ ಫೋನ್ ಮಾಡಿ, "ಅಣ್ಣ, ಇನ್ನು ಅಕ್ಟೋಬರ್ ಸಾಲಲ್ಲಿ 12 ತೆಗೆದು 11 ಮಾಡ್ತೀನಿ" ಎಂದರು. ಬೇಡ ಎಂದೆ. ಗೆದ್ದರೆ ದುಡ್ಡು ಬರುತ್ತದೆ, ಎಣಿಕೆ ಇಳಿಯುವುದಿಲ್ಲ. ಸೆಪ್ಟೆಂಬರ್ 14ರ ಆ ಮೆಸೇಜಿಗೆ ಉತ್ತರ ಕೊಟ್ಟು ಒಂದು ಚಕ್ರ ಕಳಿಸಿದ್ದರೆ ಇಳಿಯುತ್ತಿತ್ತೇನೋ. ಶೀಟಿನಲ್ಲಿ 12 ಹಾಗೇ ಇದೆ.